ಪರಾಮರ್ಶೆ ಸಭೆಯ ಸ್ಲೈಡುಗಳಿಂದ ಹೊಣೆ ಪಟ್ಟಿ ಮಾಡುವುದು ಹೇಗೆ?

ಮಳೆಗಾಲ ಮುಗಿದ ಮೇಲೆ ಕೂತು ಆ ನಾಲ್ಕು ತಿಂಗಳ ಕೆಲಸವನ್ನು ಹಿಂದಿರುಗಿ ನೋಡುವ ಅಭ್ಯಾಸ ಹಲವು ಮಹಿಳಾ ಸಂಘಗಳಲ್ಲಿ ಇದೆ. ಮೊದಲೆಲ್ಲ ಕಾರ್ಯದರ್ಶಿ ಪುಸ್ತಕ ನೋಡಿ ಓದುತ್ತಿದ್ದರು. ಈಗ ಕಾಲೇಜಿಗೆ ಹೋಗುವ ಮಗಳೋ ಸೊಸೆಯೋ ಲ್ಯಾಪ್‌ಟಾಪಿನಲ್ಲಿ ಸ್ಲೈಡ್ ಮಾಡಿ ಗೋಡೆಗೆ ಬಿಟ್ಟು ತೋರಿಸುತ್ತಾರೆ. ಹಾಲಿನ ಲೆಕ್ಕ, ವಾಪಸ್ ಬಂದ ಕ್ಯಾನುಗಳ ಲೆಕ್ಕ, ಸದಸ್ಯೆಯರ ದೂರುಗಳು, ಎಲ್ಲವೂ ಬಣ್ಣಬಣ್ಣವಾಗಿ ಕಾಣುತ್ತದೆ. ಸಭೆ ಮುಗಿದು ಚಹಾ ಕುಡಿದು ಮನೆಗೆ ಹೋದ ಮೇಲೆ ಆ ಸ್ಲೈಡು ಮೊಬೈಲಿನ ಗುಂಪಿನಲ್ಲಿ ಒಂದು ದಿನ ಓಡಾಡುತ್ತದೆ, ಅಷ್ಟೇ. ಮುಂದಿನ ಜೂನಿನಲ್ಲಿ ಅದೇ ಕ್ಯಾನು ಅದೇ ಕಾರಣಕ್ಕೆ ವಾಪಸ್ ಬರುತ್ತದೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯಲ್ಲಿರುವ ಮಕ್ಕಳ ಬಾಯಲ್ಲಿ ‘ರೆಟ್ರೋಸ್ಪೆಕ್ಟಿವ್’ ಎಂಬ ಮಾತನ್ನು ನೀವು ಕೇಳಿರಬಹುದು. ಒಂದು ಕೆಲಸ ಮುಗಿದ ಮೇಲೆ ತಂಡದವರೆಲ್ಲ ಕೂತು ಯಾವುದು ಸರಿಯಾಯಿತು, ಯಾವುದು ತಪ್ಪಿತು ಎಂದು ನೋಡುವ ಸಭೆ ಅದು. ಈ ಬಗೆಯ ಸಭೆಗಳ ಕುರಿತು ಅಮೆರಿಕದ ನಾರ್ಮನ್ ಕರ್ತ್ ಎಂಬವರು 2001ರಲ್ಲಿ ಒಂದು ಕೈಪಿಡಿ ಬರೆದರು. ಆಗ ಗೊತ್ತಿದ್ದುದರಲ್ಲಿ, ಕೈಯಲ್ಲಿ ಇದ್ದುದರಲ್ಲಿ ಪ್ರತಿಯೊಬ್ಬರೂ ಆದಷ್ಟು ಚೆನ್ನಾಗಿಯೇ ಕೆಲಸ ಮಾಡಿದ್ದಾರೆ ಎಂದು ನಂಬಿಕೊಂಡೇ ಮಾತು ಶುರು ಮಾಡಬೇಕು ಎಂಬುದು ಅವರ ಮುಖ್ಯ ಮಾತು. ನಮ್ಮ ಸೊಸೈಟಿಗಳಿಗೆ ಇದು ಎಷ್ಟು ಬೇಕಾದ ಮಾತು ಎಂಬುದು ಮುಂದಿನ ಉದಾಹರಣೆಯಲ್ಲಿ ಕಾಣುತ್ತದೆ.

ಉದಾಹರಣೆಗೆ ನಮ್ಮ ಮೂರು ತಾಲೂಕಿನ ಯಾವುದೇ ಊರಿನ ಸಂಘ ಎಂದು ಇಟ್ಟುಕೊಳ್ಳಿ. ಸಂಖ್ಯೆಗಳು ಲೆಕ್ಕ ತಿಳಿಯಲಿಕ್ಕಾಗಿ ನಾನು ಇಟ್ಟುಕೊಂಡವು. ಈ ಸಂಘದಲ್ಲಿ ಬಿಎಂಸಿ ಇಲ್ಲ. ಬೆಳಿಗ್ಗೆ, ಸಂಜೆ ಕ್ಯಾನಿನಲ್ಲಿ ಹಾಲು ತುಂಬಿ ವಾಹನದಲ್ಲಿ ಪಕ್ಕದ ಊರಿನ ಬಿಎಂಸಿಗೆ ಕಳಿಸುತ್ತಾರೆ. ಅಕ್ಟೋಬರ್ ಕೊನೆಯ ಸಭೆಗೆ 22 ಸ್ಲೈಡುಗಳು ತಯಾರಾಗಿವೆ. ಅವುಗಳಲ್ಲಿ ಫೋಟೋ, ಸ್ವಾಗತ, ವಂದನೆ, ಹಾಲಿನ ಅಂಕಿಅಂಶ ಬಿಟ್ಟರೆ ಉಳಿದುದರಲ್ಲಿ ಒಟ್ಟು 31 ಅಂಶಗಳಿವೆ.

ಮೊದಲ ಕೆಲಸ, ಒಂದೇ ಸಂಗತಿಯನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿದ್ದನ್ನು ಒಟ್ಟು ಸೇರಿಸುವುದು. “ಹಾಲು ಹುಳಿಯಾಗುತ್ತದೆ”, “ಕ್ಯಾನ್ ವಾಪಸ್ ಬರುತ್ತದೆ”, “ಸಂಜೆ ಸಾಲು ಮುಗಿಯುವುದೇ ಇಲ್ಲ”, “ಕರೆಂಟ್ ಹೋದರೆ ಡೈರಿಯಲ್ಲಿ ಕಾಯಬೇಕು” ಎಂಬ ನಾಲ್ಕು ದೂರು ನಾಲ್ಕು ಸ್ಲೈಡಿನಲ್ಲಿದ್ದವು. ಹತ್ತಿರ ಹತ್ತಿರ ಇಟ್ಟು ನೋಡಿದರೆ ಅವು ಒಂದೇ ಸಮಸ್ಯೆಯ ನಾಲ್ಕು ತುದಿಗಳು. ಹೀಗೆ ಸೇರಿಸುತ್ತಾ ಬಂದರೆ 31 ಅಂಶ 12ಕ್ಕೆ ಇಳಿಯುತ್ತದೆ. ಈ ಕೆಲಸಕ್ಕೆ ಲ್ಯಾಪ್‌ಟಾಪ್ ಆಗುವುದಿಲ್ಲ. ಒಂದೊಂದು ಅಂಶವನ್ನು ಒಂದೊಂದು ಚೀಟಿಯಲ್ಲಿ ಬರೆದು ಚಾಪೆಯ ಮೇಲೆ ಹರಡಿ, ಎಲ್ಲರೂ ಸುತ್ತ ಕೂತು ಮಾಡುವುದೇ ಸುಲಭ. ಗೋಡೆಯ ಮೇಲಿನ ಸ್ಲೈಡನ್ನು ಒಬ್ಬರು ತೋರಿಸುತ್ತಾರೆ, ಉಳಿದವರು ನೋಡುತ್ತಾರೆ. ಚಾಪೆಯ ಮೇಲಿನ ಚೀಟಿಯನ್ನಾದರೆ ಯಾರೂ ಎತ್ತಿ ಆಚೀಚೆ ಇಡಬಹುದು.

ಆಮೇಲೆ ಆ ಹನ್ನೆರಡರಲ್ಲಿ ನಮ್ಮ ಕೈಯಲ್ಲಿಲ್ಲದ್ದನ್ನು ಬೇರೆ ಇಡಬೇಕು. ಹಾಲಿನ ದರ, ಹಿಂಡಿಯ ಬೆಲೆ, ಪ್ರೋತ್ಸಾಹಧನ ಬರುವ ದಿನ, ಮಳೆಗೆ ಕೆಟ್ಟ ರಸ್ತೆ, ಹುಲ್ಲಿನ ತಾಕಿಗೆ ನುಗ್ಗುವ ಆನೆ, ಹೀಗೆ ಐದು ಚೀಟಿ ಆಚೆ ಹೋದವು. ಆನೆ ಓಡಿಸುವ ಹೊಣೆಯನ್ನು ನಿರ್ದೇಶಕಿಯ ಹೆಸರಿಗೆ ಬರೆದರೆ ಪಾಪ ಅವರೇನು ಮಾಡಿಯಾರು! ಅವನ್ನು ಹರಿದು ಬಿಸಾಡಬೇಕಾಗಿಲ್ಲ. ಮಹಾಸಭೆಯಲ್ಲಿ ಎತ್ತುವುದಕ್ಕೆ, ಇಲಾಖೆಗೆ ಬರೆಯುವುದಕ್ಕೆ ಬೇರೆ ಪುಟದಲ್ಲಿ ಇಟ್ಟುಕೊಂಡರಾಯಿತು. ಉಳಿದ ಏಳರಲ್ಲಿ ಮೂರನ್ನು ಮಾತ್ರ ಈ ಸಲ ಆರಿಸಿಕೊಳ್ಳಿ. ಹಟ್ಟಿ, ತೋಟ, ಮನೆ ಕೆಲಸದ ನಡುವೆ ಸಂಘದ ಕೆಲಸಕ್ಕೆ ಸಿಗುವ ಹೊತ್ತು ಎಷ್ಟೆಂದು ನಮಗೆಲ್ಲ ಗೊತ್ತೇ ಇದೆ. ಏಳನ್ನೂ ಬರೆದುಕೊಂಡ ಸಂಘದಲ್ಲಿ ಸಾಮಾನ್ಯವಾಗಿ ಒಂದೂ ಮುಗಿಯುವುದಿಲ್ಲ.

ಈಗ ಹುಳಿ ಹಾಲಿನ ಸಂಗತಿಗೆ ಬರೋಣ. ನಾಲ್ಕು ತಿಂಗಳಲ್ಲಿ 9 ಕ್ಯಾನ್ ವಾಪಸ್ ಬಂದಿವೆ. ಒಂದು ಕ್ಯಾನಿಗೆ 40 ಲೀಟರ್, ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ 12,600 ರೂಪಾಯಿ ಹೋಯಿತು. ಸ್ಲೈಡಿನಲ್ಲಿ ಇದಕ್ಕೆ “ಕಾರಣ: ಸ್ವಚ್ಛತೆಯ ಕೊರತೆ” ಎಂದು ಬರೆದಿತ್ತು. ಆ ಎರಡು ಶಬ್ದ ಓದುವಾಗ ಎಲ್ಲರ ಕಣ್ಣೂ ಕ್ಯಾನ್ ತೊಳೆಯುವ ಸಹಾಯಕಿಯ ಕಡೆಗೆ ತಿರುಗುತ್ತದೆ. ಅವರು ತಲೆ ತಗ್ಗಿಸಿ ಕೂತರೆ ಸಭೆ ಅಲ್ಲಿಗೇ ಮುಗಿಯಿತು. “ಇನ್ನು ಮುಂದೆ ಸ್ವಚ್ಛತೆ ಕಾಪಾಡುವುದು” ಎಂದು ನಡಾವಳಿಯಲ್ಲಿ ಬರೆದು ಎಲ್ಲರೂ ಏಳುತ್ತಾರೆ.

ಹಾಗೆ ಏಳುವ ಮೊದಲು ಸಂಗ್ರಹಣಾ ರಿಜಿಸ್ಟರನ್ನು ತೆಗೆದು ನೋಡಬೇಕು. ಒಂಬತ್ತರಲ್ಲಿ 7 ಕ್ಯಾನ್ ಸಂಜೆಯವು. ಅದರಲ್ಲಿ 6 ದಿನ ಹಾಲು ಪರೀಕ್ಷಕಿ ಅಂಚಿನಲ್ಲಿ “ಕರೆಂಟ್ ಇಲ್ಲ” ಎಂದು ಬರೆದಿದ್ದಾರೆ. ವಿಚಾರಿಸಿದಾಗ ತಿಳಿಯಿತು, ಪರೀಕ್ಷಾ ಯಂತ್ರಕ್ಕೆ ಜೋಡಿಸಿದ ಇನ್ವರ್ಟರಿನ ಬ್ಯಾಟರಿ ಸತ್ತು ವರ್ಷವಾಗಿದೆ. ಕರೆಂಟ್ ಹೋದ ದಿನ ಪ್ರತಿಯೊಬ್ಬರ ಹಾಲನ್ನೂ ಲ್ಯಾಕ್ಟೋಮೀಟರ್ ಹಾಕಿ ನೋಡಿ, ಸ್ಯಾಂಪಲ್ ಬಾಟಲಿಯಲ್ಲಿ ತೆಗೆದಿಟ್ಟು, ಕೈಯಲ್ಲಿ ಬರೆದುಕೊಳ್ಳಬೇಕು. ಆರು ಗಂಟೆಗೆ ಮುಗಿಯುವ ಸಾಲು ಏಳೂವರೆಗೆ ಮುಗಿಯುತ್ತದೆ. ಐದು ಗಂಟೆಗೇ ಬಂದವರ ಹಾಲು ಅಷ್ಟು ಹೊತ್ತೂ ಕ್ಯಾನಿನಲ್ಲಿ ಬೆಚ್ಚಗೆ ಕೂತಿರುತ್ತದೆ.

ಹೊತ್ತು ಯಾಕೆ ಇಷ್ಟು ಮುಖ್ಯ? ಕೆಚ್ಚಲಿನಿಂದ ಬರುವ ಹಾಲಿನ ಬಿಸಿ ಹೆಚ್ಚುಕಡಿಮೆ ನಮ್ಮ ಮೈಬಿಸಿಯಷ್ಟೇ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದರೆ ಎರಡು ಗಂಟೆಯಲ್ಲಿ ಹದಿನಾರು ಪಟ್ಟು ಆಗುತ್ತವೆ. ಬಿಎಂಸಿಯಲ್ಲಿ 4 ಡಿಗ್ರಿಗೆ ಇಳಿದ ಮೇಲೆ ಅವುಗಳ ಓಟ ಬಹಳ ನಿಧಾನವಾಗುತ್ತದೆ, ಆದರೆ ಅದುವರೆಗೆ ಆದ ಹುಳಿಯನ್ನು ತಂಪು ಹಿಂದಕ್ಕೆ ತರುವುದಿಲ್ಲ. ಕುದಿಸಿ ನೋಡುವ ಪರೀಕ್ಷೆಯಲ್ಲಿ ಹಾಲು ಒಡೆದರೆ ಕ್ಯಾನ್ ವಾಪಸ್. ಎಷ್ಟೇ ಚೆನ್ನಾಗಿ ತೊಳೆದ ಕ್ಯಾನಿನಲ್ಲಿಯೂ ಹೀಗಾಗಬಹುದು.

ಹಾಗಾಗಿ ಮೊದಲ ಸಾಲು ಸ್ವಚ್ಛತೆಯದ್ದಲ್ಲ, ಬ್ಯಾಟರಿಯದ್ದು. ನಡಾವಳಿ ಪುಸ್ತಕದಲ್ಲಿ ಅದನ್ನು ಹೀಗೆ ಬರೆಯಬಹುದು: “ಪರೀಕ್ಷಾ ಯಂತ್ರದ ಇನ್ವರ್ಟರ್ ಬ್ಯಾಟರಿ ಬದಲಾಯಿಸುವುದು. ಹೊಣೆ: ಉಪಾಧ್ಯಕ್ಷೆ. ನವೆಂಬರ್ 10ರ ಒಳಗೆ ಎರಡು ಅಂಗಡಿಯ ದರಪಟ್ಟಿ, 25ರ ಒಳಗೆ ಜೋಡಣೆ. ಸಂಜೆ ಸಂಗ್ರಹಣೆ ನಡೆಯುವಾಗ ಮೈನ್ ಸ್ವಿಚ್ ಆಫ್ ಮಾಡಿದರೂ ಯಂತ್ರ ಒಂದು ಗಂಟೆ ಓಡಿದರೆ ಕೆಲಸ ಮುಗಿಯಿತು.” ನಾನಿಲ್ಲಿ ಹುದ್ದೆ ಹೇಳಿದ್ದೇನೆ, ನೀವು ಬರೆಯುವಾಗ ಹೆಸರನ್ನೇ ಬರೆಯಿರಿ.

ಈ ಸಾಲಿನ ಕೊನೆಯ ಭಾಗ ಬಹಳ ಸಂಘಗಳಲ್ಲಿ ತಪ್ಪಿಹೋಗುತ್ತದೆ. ಬ್ಯಾಟರಿ ತಂದದ್ದು ಸಾಕೇ ಎಂದು ನೋಡಲು ಮುಂದಿನ ಮಳೆಗಾಲದವರೆಗೆ ಕಾಯಬೇಕಾಗಿಲ್ಲ. ಸ್ವಿಚ್ ಆಫ್ ಮಾಡಿದರೆ ಅದೇ ದಿನ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋಗಲು ಶುರುವಾಗುವ ಮೊದಲು ಇನ್ನೊಮ್ಮೆ ಹಾಗೆಯೇ ನೋಡಿದರೆ ಒಳ್ಳೆಯದು.

ಹೊಣೆ ಒಬ್ಬರದ್ದೇ ಇರಬೇಕು. “ಆಡಳಿತ ಮಂಡಳಿ”, “ಎಲ್ಲ ಸದಸ್ಯೆಯರು” ಎಂದು ಬರೆದರೆ, ಅವಳು ನೋಡಿಕೊಂಡಾಳು ಎಂದು ಇವಳು, ಇವಳು ನೋಡಿಕೊಂಡಾಳು ಎಂದು ಅವಳು ಸುಮ್ಮನಿರುತ್ತಾರೆ. ಹೊಣೆ ಹೊತ್ತವರೇ ಎಲ್ಲ ಕೆಲಸ ಮಾಡಬೇಕೆಂದೇನೂ ಇಲ್ಲ. ಪೇಟೆಗೆ ಹೋಗುವವರ ಕೈಯಲ್ಲಿ ದರ ಕೇಳಿಸಬಹುದು, ಮಗನನ್ನು ಕಳಿಸಬಹುದು. ಆದರೆ “ಏನಾಯ್ತು ಅಕ್ಕಾ?” ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಅವರು. ಅವರು ಸಭೆಯಲ್ಲಿ ಇದ್ದು, ಸ್ವಂತ ಬಾಯಿಯಲ್ಲಿ “ಆಯ್ತು, ನಾನು ನೋಡಿಕೊಳ್ತೇನೆ” ಎಂದು ಒಪ್ಪಿರಬೇಕು. ಬಾರದವರ ತಲೆಗೆ ಕಟ್ಟಿದ ಕೆಲಸ ಆಗುವುದಿಲ್ಲ, ಮನಸ್ತಾಪ ಮಾತ್ರ ಉಳಿಯುತ್ತದೆ. ಮೂರನ್ನೂ ಕಾರ್ಯದರ್ಶಿಯ ಹೆಸರಿಗೇ ಬರೆಯುವ ಪದ್ಧತಿಯೂ ಇದೆ. ದಿನಕ್ಕೆ ಎರಡು ಹೊತ್ತು ಡೈರಿ ತೆರೆಯುವವರಿಗೆ ಅದು ಅನ್ಯಾಯ. ಇನ್ನೊಂದು, ದುಡ್ಡು ಬೇಕಾದ ಕೆಲಸವಾದರೆ ಖರ್ಚಿನ ನಿರ್ಣಯವನ್ನು ಆಡಳಿತ ಮಂಡಳಿ ಅದೇ ದಿನ ಬರೆಯಬೇಕು. ಅಧಿಕಾರ ಕೊಡದೆ ಹೊಣೆ ಮಾತ್ರ ಕೊಟ್ಟರೆ ಉಪಾಧ್ಯಕ್ಷೆ ದರಪಟ್ಟಿ ಹಿಡಿದುಕೊಂಡು ಮನೆಯಲ್ಲಿ ಕೂರಬೇಕಾಗುತ್ತದೆ.

ಎರಡನೆಯ ಸಾಲು ಬೆಳಗ್ಗೆಯ 2 ಕ್ಯಾನಿನಿಂದ ಹುಟ್ಟಿತು. ಆ ದಿನ ಕರೆಂಟ್ ಇತ್ತು, ತಡವೂ ಆಗಿರಲಿಲ್ಲ. ಮುಚ್ಚಳ ತೆಗೆದು ಮೂಸಿದಾಗ ರಬ್ಬರ್ ಬಳೆಯ ಅಡಿಯಲ್ಲಿ ಹುಳಿ ವಾಸನೆ, ಬೆರಳು ಆಡಿಸಿದರೆ ಲೋಳೆ. ಕ್ಯಾನನ್ನು ಮೊದಲು ತಣ್ಣೀರಿನಲ್ಲಿ ತೊಳೆದು, ಆಮೇಲೆ ವಾಷಿಂಗ್ ಸೋಡದ ಬಿಸಿನೀರಿನಲ್ಲಿ ಉಜ್ಜಿ, ಕೊನೆಗೆ ಬರೀ ಬಿಸಿನೀರು ಹಾಕುವ ಕ್ರಮವನ್ನು ಸಹಾಯಕಿ ಸರಿಯಾಗಿಯೇ ಮಾಡುತ್ತಿದ್ದರು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪಸೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಕೊರತೆ ಇದ್ದದ್ದು ಬೋರಲು ಹಾಕಿ ಒಣಗಿಸುವ ಸ್ಟ್ಯಾಂಡಿನದ್ದು. ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ಇಟ್ಟ ಕ್ಯಾನ್ ಒಣಗುವುದುಂಟೇ? ಸ್ಟ್ಯಾಂಡ್ ಮಾಡಿಸುವ, ರಬ್ಬರ್ ಬಳೆ ಬದಲಾಯಿಸುವ ಹೊಣೆಯನ್ನು ಒಬ್ಬ ನಿರ್ದೇಶಕಿ ವಹಿಸಿಕೊಂಡರು. ಪ್ರತಿ ಶನಿವಾರ ರಬ್ಬರ್ ಬಿಚ್ಚಿ ಮೂಸಿ ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕುವುದು ಅದರ ಪರೀಕ್ಷೆ.

ಮೂರನೆಯದು ವಾಹನದ ಸಮಯ. ಇದು ನಮ್ಮ ಕೈಯಲ್ಲಿ ಅರ್ಧ ಮಾತ್ರ ಇರುವ ವಿಷಯ. “ವಾಹನ ಬೇಗ ಬರಬೇಕು” ಎಂದು ನಮ್ಮ ಪುಸ್ತಕದಲ್ಲಿ ಬರೆದರೆ ಚಾಲಕರಿಗೆ ಅದು ಕೇಳಿಸುವುದಿಲ್ಲ. ನಮ್ಮಿಂದಾಗುವುದು, ದಿನವೂ ಸಂಜೆ ವಾಹನ ಬಂದ ಗಂಟೆ, ಹೊರಟ ಗಂಟೆ ಬರೆದಿಡುವುದು. ಒಂದು ತಿಂಗಳ ಪಟ್ಟಿ ಆದ ಮೇಲೆ ಅದನ್ನು ಜೊತೆಗಿಟ್ಟು ವಿಸ್ತರಣಾಧಿಕಾರಿಯವರಿಗೆ ಪತ್ರ ಕೊಡುವುದು. ಬರೆಯುವ ಹೊಣೆ ಹಾಲು ಪರೀಕ್ಷಕಿಯದ್ದು, ಡಿಸೆಂಬರ್ ಮೊದಲ ವಾರ ಪತ್ರ ಹೋಗಬೇಕು. ಪತ್ರ ಹೋದರೆ ಈ ಸಾಲು ಮುಗಿಯಿತು. ಸಮಯ ಬದಲಾಗುವುದು ಬಿಡುವುದು ಬೇರೆ ಸಂಘಗಳ ಅನುಕೂಲವನ್ನೂ ನೋಡಿ ಒಕ್ಕೂಟದವರು ತೀರ್ಮಾನಿಸಬೇಕಾದದ್ದು. ಪಟ್ಟಿಯಲ್ಲಿ ನಮ್ಮ ಸಾಲು ಮುಗಿಯದೆ ವಾಹನ ಕಾಯಬೇಕಾದ ದಿನಗಳೂ ಕಾಣಬಹುದು, ಅವನ್ನೂ ಹಾಗೆಯೇ ಕಳಿಸಿ.

ಮುಂದಿನ ತಿಂಗಳ ಸಭೆಯಲ್ಲಿ ಹೊಸ ವಿಷಯ ಎತ್ತುವ ಮೊದಲು ಈ ಮೂರು ಸಾಲು ಓದಬೇಕು, ಹತ್ತು ನಿಮಿಷ ಸಾಕು. ಆಯಿತು, ಆಗಲಿಲ್ಲ, ಸಹಾಯ ಬೇಕು ಎಂಬ ಮೂರರಲ್ಲಿ ಒಂದು ಉತ್ತರ ಬಂದರೆ ಸಾಕು, ವಿವರಣೆ ಕೇಳುತ್ತಾ ಕೂರುವುದು ಬೇಡ. ಎರಡು ಸಭೆಯಲ್ಲಿ “ಆಗಲಿಲ್ಲ” ಎಂದೇ ಬಂದರೆ, ಹಸು ಕರು ಹಾಕಿತೋ ಮನೆಯಲ್ಲಿ ಮದುವೆಯೋ ಎಂದು ವಿಚಾರಿಸಿ, ಅವರ ಒಪ್ಪಿಗೆಯಿಂದ ಇನ್ನೊಬ್ಬರ ಹೆಸರಿಗೆ ಬರೆಯಿರಿ. ಒಂದು ಸಾಲು ಮುಗಿದು ಗೆರೆ ಎಳೆದ ದಿನ, ಬದಿಗಿಟ್ಟ ನಾಲ್ಕು ಚೀಟಿಗಳಲ್ಲಿ ಒಂದನ್ನು ತೆಗೆದು ಅದರ ಜಾಗಕ್ಕೆ ಬರೆಯಬಹುದು.