ಆರ್ಡರ್ ಸಿಕ್ಕಿತು, ಹಣ ಎಲ್ಲಿಂದ?

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳೋಣ. ವರ್ಷದ ವಹಿವಾಟು 4 ಕೋಟಿ ರೂಪಾಯಿ. ಖರ್ಚು, ತೆರಿಗೆ, ಮನೆಗೆ ಬೇಕಾದದ್ದು ಎಲ್ಲ ಕಳೆದರೆ ಮಾಲೀಕರ ಕೈಯಲ್ಲಿ 40 ಲಕ್ಷ ಉಳಿಯುತ್ತದೆ. ಹಳೆಯ ಗಿರಾಕಿ ಕಂಪನಿಯೊಂದು ವರ್ಷಕ್ಕೆ ಇನ್ನೂ 2 ಕೋಟಿಯ ಕೆಲಸ ಕೊಡಲು ಮುಂದೆ ಬಂದಿದೆ. ಅದಕ್ಕೊಂದು ಹೊಸ ವಿಎಂಸಿ ಯಂತ್ರ ಬೇಕು. ಟೂಲು, ಫಿಕ್ಸ್‌ಚರ್ ಸೇರಿ 60 ಲಕ್ಷ.

ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹಣ ಯಂತ್ರಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುವುದು ಕಚ್ಚಾಮಾಲು ಮತ್ತು ಬಿಲ್ಲುಗಳ ನಡುವೆ. ಉಕ್ಕು ಬಂದು, ಕೊರೆದು, ತಯಾರಾಗಿ ಹೊರಡುವುದಕ್ಕೆ 60 ದಿನ. ಬಿಲ್ಲಿನ ಹಣ ಬರಲು 90 ದಿನ. ಉಕ್ಕಿನ ವ್ಯಾಪಾರಿ ಕೊಡುವ ಸಾಲದ ಅವಧಿ 30 ದಿನ. ಅಂದರೆ ಹಾಕಿದ ರೂಪಾಯಿ ಮರಳಿ ಬರಲು 120 ದಿನ. ಹೊಸ ಆರ್ಡರಿಗೆ ಮಾಲು, ಕೂಲಿ, ವಿದ್ಯುತ್ ಎಂದು ವರ್ಷಕ್ಕೆ 1.6 ಕೋಟಿ ಖರ್ಚಾದರೆ, ಅದರಲ್ಲಿ ಸುಮಾರು 53 ಲಕ್ಷ ಸದಾ ಹೊರಗೇ ಇರುತ್ತದೆ. ಹಾಗಾಗಿ ಬೇಕಾದದ್ದು 60 ಲಕ್ಷವಲ್ಲ, 1 ಕೋಟಿ 13 ಲಕ್ಷ.

ಇದನ್ನು ಉಳಿತಾಯದಿಂದಲೇ ಹೊಂದಿಸಲು ಸುಮಾರು ಮೂರು ವರ್ಷ ಬೇಕು. ಆರ್ಡರ್ ಅಷ್ಟು ಕಾಲ ಕಾಯುವುದಿಲ್ಲ. ಆದರೂ ಸ್ವಂತ ಹಣದ ದಾರಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ಕಚ್ಚಾಮಾಲನ್ನು ನೀವೇ ಕೊಡಿ, ನಾವು ಜಾಬ್‌ವರ್ಕ್ ಕೂಲಿ ಮಾತ್ರ ಹಾಕುತ್ತೇವೆ ಎಂದು ಗಿರಾಕಿಯನ್ನು ಒಪ್ಪಿಸಿದರೆ ಆ 53 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕಾಗದೇ ಹೋಗಬಹುದು. ಲಾಭವೂ ಸ್ವಲ್ಪ ಇಳಿಯುತ್ತದೆ, ಹೌದು. ಕೇಳಲು ಸಂಕೋಚಪಡುವವರೇ ಹೆಚ್ಚು.

ಗಿರಾಕಿ ಒಪ್ಪಲಿಲ್ಲ ಎಂದಾದರೆ ಬ್ಯಾಂಕು. ಯಂತ್ರದ ಬೆಲೆಯಲ್ಲಿ ಸಾಮಾನ್ಯವಾಗಿ ಕಾಲು ಭಾಗವನ್ನು ಮಾಲೀಕರೇ ಹಾಕಬೇಕು. ಇಲ್ಲಿ 15 ಲಕ್ಷ. ಉಳಿದ 45 ಲಕ್ಷಕ್ಕೆ ಐದು ವರ್ಷದ ಟರ್ಮ್ ಲೋನ್ ಶೇ. 10.5ರ ಬಡ್ಡಿಗೆ ಸಿಕ್ಕರೆ ತಿಂಗಳ ಕಂತು ಸುಮಾರು 97 ಸಾವಿರ. ದುಡಿಯುವ ಬಂಡವಾಳಕ್ಕೆ ಸಿಸಿ ಖಾತೆ ಬೇರೆ. ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿಯ ಸೂತ್ರದಂತೆ ಬ್ಯಾಂಕು ನಿರೀಕ್ಷಿತ ವಹಿವಾಟಿನ ಶೇ. 20ರಷ್ಟು ಮಿತಿ ಕೊಡುತ್ತದೆ. 2 ಕೋಟಿಗೆ 40 ಲಕ್ಷ. ಪೂರ್ತಿ ಬಳಸಿದರೆ ವರ್ಷಕ್ಕೆ 4 ಲಕ್ಷದ ಆಸುಪಾಸು ಬಡ್ಡಿ. ಮಾಲೀಕರ ಕೈಯಿಂದ ಹೋಗುವುದು ಒಟ್ಟು 28 ಲಕ್ಷ.

ಈಗ ಒಂದು ಕಹಿ ಪ್ರಶ್ನೆ: ಆರು ತಿಂಗಳಿಗೇ ಆರ್ಡರ್ ನಿಂತುಹೋದರೆ? ಕಂತು ಮತ್ತು ಬಡ್ಡಿ ಸೇರಿ ವರ್ಷಕ್ಕೆ 16 ಲಕ್ಷ. ಹಳೆಯ ವ್ಯಾಪಾರದಿಂದಲೇ 40 ಲಕ್ಷ ಉಳಿಯುತ್ತದೆ. ಕಾರ್ಖಾನೆ ಮುಳುಗುವುದಿಲ್ಲ. ಈ ಪರೀಕ್ಷೆಯಲ್ಲಿ ಗೆದ್ದರೆ ಸಾಲ ಮಾಡಬಹುದು.

ಅಡಮಾನಕ್ಕೆ ಮನೆ ಇಲ್ಲದವರಿಗೆ ಸಿಜಿಟಿಎಂಎಸ್‌ಇ ಖಾತರಿ ಇದೆ. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಆದರೆ ಆ ಖಾತರಿ ಬ್ಯಾಂಕಿಗೆ, ನಮಗಲ್ಲ. ಅದರ ಶುಲ್ಕವನ್ನು ನಾವೇ ಭರಿಸಬೇಕು, ಸಾಲ ತೀರಿಸುವ ಹೊಣೆಯೂ ನಮ್ಮ ಮೇಲೆಯೇ ಉಳಿಯುತ್ತದೆ.

ಸಾಲದಲ್ಲಿ ಕಾರ್ಖಾನೆಗಳನ್ನು ಕೆಡಿಸುವ ತಪ್ಪು ಬೇರೆಯೇ ಇದೆ. ಟರ್ಮ್ ಲೋನ್ ತಡವಾಯಿತೆಂದು ಸಿಸಿ ಹಣದಲ್ಲಿ ಯಂತ್ರ ತರುವುದು. ಯಂತ್ರದ ಹಣ ಐದು ವರ್ಷಕ್ಕೆ ಮರಳುತ್ತದೆ; ಸಿಸಿ ಹಣ ನಾಲ್ಕು ತಿಂಗಳಿಗೊಮ್ಮೆ ಸುತ್ತಬೇಕಾದದ್ದು. ಹಾಗಾದಾಗ ಖಾತೆ ತಿಂಗಳಿಡೀ ಮಿತಿಯ ತುದಿಯಲ್ಲೇ ನಿಲ್ಲುತ್ತದೆ, ಜಿಎಸ್‌ಟಿ ಮತ್ತು ಪಿಎಫ್ ತಡವಾಗುತ್ತವೆ, ಉಕ್ಕಿನ ವ್ಯಾಪಾರಿ ನಗದು ಕೇಳಲು ಶುರುಮಾಡುತ್ತಾರೆ. ಆರ್ಡರ್ ಪುಸ್ತಕ ತುಂಬಿರುವಾಗಲೇ ಇದೆಲ್ಲ ನಡೆಯುವುದರಿಂದ ಮಾಲೀಕರಿಗೆ ಬೇಗ ಗೊತ್ತಾಗುವುದಿಲ್ಲ.

ಹಾಗಾದರೆ ಹೂಡಿಕೆದಾರರು? 1 ಕೋಟಿ ಕೊಟ್ಟು ಶೇ. 20ರಷ್ಟು ಶೇರು ಕೇಳುತ್ತಾರೆ ಎನ್ನಿ. ಕಂತಿಲ್ಲ, ಬಡ್ಡಿಯಿಲ್ಲ. ಆದರೆ ತೆರಿಗೆ ಕಳೆದು 60 ಲಕ್ಷ ಲಾಭ ಬಂದರೆ ಅದರಲ್ಲಿ 12 ಲಕ್ಷ ಅವರ ಪಾಲಿನದು. ಟರ್ಮ್ ಲೋನಿನ ವರ್ಷದ ಕಂತೂ ಹೆಚ್ಚುಕಡಿಮೆ ಅಷ್ಟೇ. ಅದು ಐದು ವರ್ಷಕ್ಕೆ ಮುಗಿಯುತ್ತದೆ, ಈ ಪಾಲು ಮುಗಿಯುವುದಿಲ್ಲ, ಲಾಭದ ಜೊತೆ ಬೆಳೆಯುತ್ತದೆ. ಮಾಲೀಕತ್ವ ಅಥವಾ ಪಾಲುದಾರಿಕೆಯ ಸಂಸ್ಥೆಯಾಗಿದ್ದರೆ ಮೊದಲು ಪ್ರೈವೇಟ್ ಲಿಮಿಟೆಡ್ ಆಗಬೇಕು. ಹೂಡಿಕೆ ನಿಧಿಗಳು ಕೆಲವು ವರ್ಷಗಳಲ್ಲಿ ಶೇರು ಮಾರಿ ಹೊರಡಲು ಬಯಸುತ್ತವೆ. ಕೊಳ್ಳುವವರು ಯಾರು ಎಂಬುದನ್ನು ಸಹಿಗೆ ಮುಂಚೆಯೇ ಮಾತಾಡಿಕೊಳ್ಳಬೇಕು. ಕಾಲು ಭಾಗಕ್ಕಿಂತ ಹೆಚ್ಚು ಮತವಿದ್ದವರು ಕಂಪನಿಯ ವಿಶೇಷ ನಿರ್ಣಯಗಳನ್ನೇ ತಡೆಯಬಲ್ಲರು.

ಶೇರು ಕೊಡುವುದೇ ಸರಿಯಾದ ಸಂದರ್ಭವೂ ಇದೆ. ಇದೇ ಮಾಲೀಕರು ವಿಮಾನದ ಬಿಡಿಭಾಗ ಮಾಡಲು ಹೊರಟರೆ ಗುಣಮಟ್ಟದ ಪ್ರಮಾಣಪತ್ರ, ಮಾದರಿ ತಪಾಸಣೆ, ಗಿರಾಕಿಯ ಒಪ್ಪಿಗೆ ಎಂದು ವರ್ಷಗಳೇ ಕಳೆಯಬಹುದು. ಅಷ್ಟು ಕಾಲ ಆದಾಯವಿಲ್ಲ, ಒಪ್ಪಿಗೆ ಸಿಗದೆಯೂ ಹೋಗಬಹುದು. ಬ್ಯಾಂಕು ಕಂತಿಗೆ ಒಂದಷ್ಟು ತಿಂಗಳ ರಜೆ ಕೊಟ್ಟೀತು, ನಷ್ಟದಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ. ಅಲ್ಲಿ ಸಾಲ ಮಾಡಿದವರು ಮನೆಯನ್ನೇ ಪಣಕ್ಕಿಟ್ಟಂತೆ.

ಪೀಣ್ಯದ ನಮ್ಮ ಮಾಲೀಕರ 2 ಕೋಟಿಯ ಆರ್ಡರಿಗೆ ಮಾತ್ರ ನನ್ನ ಮತ ಬ್ಯಾಂಕಿಗೆ. ಮ್ಯಾನೇಜರ ಬಳಿ ಹೋಗುವಾಗ ಟರ್ಮ್ ಲೋನ್ ಮತ್ತು ಸಿಸಿ ಎರಡಕ್ಕೂ ಒಂದೇ ದಿನ ಅರ್ಜಿ ಕೊಡಿ; ಎರಡೂ ಮಂಜೂರಾಗುವವರೆಗೆ ಯಂತ್ರಕ್ಕೆ ಮುಂಗಡ ಕಟ್ಟಬೇಡಿ.