‘ಪ್ರೂವಬ್ಲಿ ಫೇರ್’ ಎಂದರೆ ಮೋಸವೇ ಇಲ್ಲ ಎಂದರ್ಥವೇ? ಒಂದು ಬೆಟ್ ಅನ್ನು ಹ್ಯಾಶ್‌ನಿಂದ ಪರಿಶೀಲಿಸುವುದು ಹೇಗೆ?

ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಹಣದಲ್ಲಿ ಜೂಜಾಡಿಸುವ ಆನ್‌ಲೈನ್ ಕ್ಯಾಸಿನೋಗಳು ‘ಪ್ರೂವಬ್ಲಿ ಫೇರ್’ ಎಂಬ ಮಾತನ್ನು ದೊಡ್ಡದಾಗಿ ಹಾಕಿಕೊಂಡಿರುತ್ತವೆ. ನಮ್ಮ ಆಟ ನ್ಯಾಯವಾಗಿದೆ ಎಂಬುದನ್ನು ನೀವೇ ಸಾಬೀತು ಮಾಡಿ ನೋಡಬಹುದು ಎಂಬುದು ಇದರ ಅರ್ಥ. ಇದನ್ನೇ ಹಿಡಿದುಕೊಂಡು ‘ಹ್ಯಾಶ್ ಇರುವ ಕಡೆ ಮೋಸ ಸಾಧ್ಯವೇ ಇಲ್ಲ, ಧೈರ್ಯವಾಗಿ ಆಡಿ’ ಎನ್ನುವವರಿದ್ದಾರೆ. ‘ಹ್ಯಾಶ್ ನೋಡಿ ಮುಂದಿನ ಸಂಖ್ಯೆ ಹೇಳುತ್ತೇವೆ’ ಎಂದು ಆ್ಯಪ್ ಮಾರುವವರೂ ಇದ್ದಾರೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಪೂರ್ತಿ ಸುಳ್ಳು. ಯಾಕೆ ಎಂದು ತಿಳಿಯಬೇಕಾದರೆ ಒಂದೇ ಒಂದು ಬೆಟ್ ಅನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ನೋಡಬೇಕು.

ಮೂಲ ಸಮಸ್ಯೆ ಏನು?

ಡೈಸ್ ಆಟವನ್ನೇ ತೆಗೆದುಕೊಳ್ಳೋಣ. ಇಲ್ಲಿ ನಿಜವಾದ ದಾಳ ಇರುವುದಿಲ್ಲ. 0.00ರಿಂದ 100.00ರ ನಡುವೆ ಒಂದು ಸಂಖ್ಯೆ ಬರುತ್ತದೆ. ಅದು 49.50ಕ್ಕಿಂತ ಕಡಿಮೆ ಇದ್ದರೆ ಕಟ್ಟಿದ ಹಣ ದುಪ್ಪಟ್ಟು, ಇಲ್ಲದಿದ್ದರೆ ಹಣ ಹೋಯಿತು. ಆ ಸಂಖ್ಯೆ ಹುಟ್ಟುವುದು ಕ್ಯಾಸಿನೋದ ಕಂಪ್ಯೂಟರ್‌ನಲ್ಲಿ. ನೀವು ಎಷ್ಟು ಕಟ್ಟಿದ್ದೀರಿ ಎಂದು ನೋಡಿದ ಮೇಲೆ ಕ್ಯಾಸಿನೋ ತನಗೆ ಬೇಕಾದ ಸಂಖ್ಯೆಯನ್ನು ತೋರಿಸಿದರೆ ನಿಮಗೆ ಗೊತ್ತಾಗುವುದು ಹೇಗೆ?

2012ರಲ್ಲಿ ಶುರುವಾದ ಸತೋಶಿಡೈಸ್ ಎಂಬ ಬಿಟ್‌ಕಾಯಿನ್ ಜೂಜಿನ ತಾಣ ಇದಕ್ಕೆ ಒಂದು ದಾರಿ ತೋರಿಸಿತು. ಫಲಿತಾಂಶವನ್ನು ನಿರ್ಧರಿಸುವ ಗುಪ್ತ ಪದಗಳ ಹ್ಯಾಶ್‌ಗಳನ್ನು ಅದು ಮೊದಲೇ ಪ್ರಕಟಿಸುತ್ತಿತ್ತು, ಆಟ ಮುಗಿದ ಮೇಲೆ ಆ ಪದಗಳನ್ನೇ ಬಹಿರಂಗಪಡಿಸುತ್ತಿತ್ತು. ಇಂದಿನ ಪದ್ಧತಿಯೂ ಇದೇ ಉಪಾಯದ ಮೇಲೆ ನಿಂತಿದೆ.

ಹ್ಯಾಶ್ ಎಂಬ ಮುಚ್ಚಿದ ಲಕೋಟೆ

ಟೆಂಡರ್ ಹಾಕುವವರು ದರವನ್ನು ಬರೆದು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತುವುದನ್ನು ನೆನಪಿಸಿಕೊಳ್ಳಿ. ಒಳಗಿನ ದರ ಏನೆಂದು ಹೊರಗಿನವರಿಗೆ ಕಾಣುವುದಿಲ್ಲ. ಆದರೆ ಒಮ್ಮೆ ಲಕೋಟೆ ಕೊಟ್ಟ ಮೇಲೆ ಹಾಕಿದವರೂ ಅದನ್ನು ಬದಲಿಸುವಂತಿಲ್ಲ. ಹ್ಯಾಶ್ ಮಾಡುವುದು ಇದೇ ಎರಡು ಕೆಲಸ.

ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನಕ್ಕೆ ಯಾವ ಪಠ್ಯವನ್ನು ಕೊಟ್ಟರೂ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಉದಾಹರಣೆಗೆ `abc` ಎಂದು ಕೊಟ್ಟರೆ ಜಗತ್ತಿನ ಯಾವ ಕಂಪ್ಯೂಟರ್‌ನಲ್ಲೂ ಬರುವ ಉತ್ತರ ಒಂದೇ:

```
ba7816bf8f01cfea414140de5dae2223b00361a396177a9cb410ff61f20015ad
```

ಒಂದು ಅಕ್ಷರ ಬದಲಿಸಿದರೂ ಇಡೀ ಸಾಲು ಗುರುತು ಸಿಗದಂತೆ ಬದಲಾಗುತ್ತದೆ. ಇದೇ ಹ್ಯಾಶ್ ಬರುವ ಇನ್ನೊಂದು ಪಠ್ಯವನ್ನು ಹುಡುಕುವುದು ಇಂದಿನ ಯಾವ ಕಂಪ್ಯೂಟರ್‌ಗೂ ಆಗದ ಕೆಲಸ. ಹ್ಯಾಶ್‌ನಿಂದ ಹಿಂದಕ್ಕೆ ಹೋಗಿ ಮೂಲ ಪಠ್ಯವನ್ನು ಲೆಕ್ಕ ಹಾಕುವ ದಾರಿಯೂ ಇಲ್ಲ. `abc`ಯಷ್ಟು ಚಿಕ್ಕ ಪಠ್ಯವಾದರೆ ಊಹಿಸಿ ಹಿಡಿಯಬಹುದು. ಆದರೆ ಕ್ಯಾಸಿನೋ ಬಳಸುವ ಗುಪ್ತ ಪಠ್ಯ ಸಾಮಾನ್ಯವಾಗಿ 64 ಅಕ್ಷರಗಳ ಯಾದೃಚ್ಛಿಕ ಸಾಲು. ಅದನ್ನು ಊಹಿಸಲಾಗದು. ಸಂಖ್ಯೆ ಹೇಳುತ್ತೇವೆ ಎನ್ನುವ ಆ್ಯಪ್‌ಗಳ ಮಾತು ಸುಳ್ಳು ಎನ್ನಲು ಇಷ್ಟೇ ಸಾಕು.

ಒಂದು ಬೆಟ್‌ನ ಹಿಂದೆ ಮೂರು ವಸ್ತುಗಳು

ಮೊದಲನೆಯದು ಸರ್ವರ್ ಸೀಡ್. ಇದು ಕ್ಯಾಸಿನೋದ ಗುಪ್ತ ಪಠ್ಯ. ಆಟಕ್ಕೆ ಮೊದಲು ನಿಮಗೆ ಇದರ ಹ್ಯಾಶ್ ಮಾತ್ರ ಕಾಣುತ್ತದೆ.

ಎರಡನೆಯದು ಕ್ಲೈಂಟ್ ಸೀಡ್. ಇದು ನಿಮ್ಮ ಕಡೆಯ ಪಠ್ಯ, ಏನು ಬೇಕಾದರೂ ಬರೆಯಬಹುದು. ಇಸ್ಪೀಟಿನಲ್ಲಿ ಎಲೆ ಕಲಸಿದವರು ಎದುರಿನವರಿಗೆ ಕಟ್ ಮಾಡಲು ಕೊಡುತ್ತಾರಲ್ಲ, ಇದು ಅದೇ ರೀತಿ.

ಮೂರನೆಯದು ನಾನ್ಸ್. ಇದು ಬರೀ ಕ್ರಮಸಂಖ್ಯೆ. ಪ್ರತಿ ಬೆಟ್‌ಗೆ ಒಂದೊಂದು ಹೆಚ್ಚುತ್ತದೆ. ಹಾಗಾಗಿ ಸೀಡ್‌ಗಳು ಅವೇ ಇದ್ದರೂ ಪ್ರತಿ ಬೆಟ್‌ಗೆ ಬೇರೆ ಸಂಖ್ಯೆ ಬರುತ್ತದೆ.

ಈ ಮೂರನ್ನೂ ಎಚ್‌ಮ್ಯಾಕ್ ಎಂಬ ಸೂತ್ರದಲ್ಲಿ ಬೆರೆಸುತ್ತಾರೆ. ಅದು ಸರ್ವರ್ ಸೀಡ್ ಅನ್ನು ಕೀಲಿಯಾಗಿಯೂ, ಕ್ಲೈಂಟ್ ಸೀಡ್ ಮತ್ತು ನಾನ್ಸ್ ಅನ್ನು ಸಂದೇಶವಾಗಿಯೂ ತೆಗೆದುಕೊಂಡು ಮತ್ತೊಂದು 64 ಅಕ್ಷರಗಳ ಸಾಲನ್ನು ಕೊಡುತ್ತದೆ. ದಾಳದ ಸಂಖ್ಯೆ ಹುಟ್ಟುವುದು ಆ ಸಾಲಿನಿಂದ.

ಈಗ ಲೆಕ್ಕ ಮಾಡೋಣ

ನಿಮ್ಮ ಕಂಪ್ಯೂಟರ್‌ನಲ್ಲೂ ಇದೇ ಉತ್ತರ ಬರಲಿ ಎಂದು, ಎಚ್‌ಮ್ಯಾಕ್ ಅನ್ನು ಪರೀಕ್ಷಿಸಲು ಎಲ್ಲರೂ ಬಳಸುವ ಒಂದು ಸಾರ್ವಜನಿಕ ಮಾದರಿಯನ್ನೇ ತೆಗೆದುಕೊಂಡಿದ್ದೇವೆ. ಅದರ ಕೀಲಿ `Jefe`, ಸಂದೇಶ `what do ya want for nothing?`. ಕೀಲಿಯೇ ಸರ್ವರ್ ಸೀಡ್, ಸಂದೇಶವೇ ನಿಮ್ಮ ಸೀಡ್ ಮತ್ತು ನಾನ್ಸ್ ಎಂದುಕೊಳ್ಳಿ. ನಿಜವಾದ ಬೆಟ್‌ನಲ್ಲಿ ಸಂದೇಶ `clientseed:nonce:0` ಎಂಬ ರೂಪದಲ್ಲಿರುತ್ತದೆ.

```
import hmac, hashlib
h = hmac.new(b"Jefe", b"what do ya want for nothing?",
             hashlib.sha256).hexdigest()
n = int(h[:8], 16)
print(h[:8], n * 10001 // 2**32 / 100)
```

ಉತ್ತರ ಹೀಗೆ ಬರುತ್ತದೆ:

```
5bdcc146 35.88
```

ಇಲ್ಲಿ ನಡೆದದ್ದು ಇಷ್ಟು. 64 ಅಕ್ಷರಗಳಲ್ಲಿ ಮೊದಲ 8 ಅನ್ನು ತೆಗೆದುಕೊಂಡೆವು. `5bdcc146` ಅನ್ನು ನಾವು ಬಳಸುವ ಸಂಖ್ಯಾಪದ್ಧತಿಗೆ ತಂದರೆ 1541194054. ಎಂಟು ಅಕ್ಷರಗಳಲ್ಲಿ ಒಟ್ಟು 4294967296 ಬೇರೆ ಬೇರೆ ಸಂಖ್ಯೆಗಳು ಸಾಧ್ಯ. ಭಾಗಿಸಿದರೆ ಸುಮಾರು 0.35884. ಇದನ್ನು 10001ರಿಂದ ಗುಣಿಸಿದರೆ 3588.73. ದಶಮಾಂಶ ಬಿಟ್ಟು 100ರಿಂದ ಭಾಗಿಸಿದರೆ 35.88. ಇದು 49.50ಕ್ಕಿಂತ ಕಡಿಮೆ, ಆದ್ದರಿಂದ ಬೆಟ್ ಗೆದ್ದಿತು. 10001ರಿಂದ ಗುಣಿಸುವುದು ಏಕೆಂದರೆ 0.00ರಿಂದ 100.00ರವರೆಗೆ ಇರುವುದು ಅಷ್ಟೇ ಸಂಖ್ಯೆಗಳು. ಸ್ಟೇಕ್‌ನಂಥ ತಾಣಗಳು ತಮ್ಮ ಡೈಸ್ ಆಟಕ್ಕೆ ಪ್ರಕಟಿಸಿರುವ ಸೂತ್ರ ಇದು. ಬೇರೆ ತಾಣಗಳಲ್ಲಿ ಸೂತ್ರ ಬೇರೆ ಇರಬಹುದು, ಆಯಾ ತಾಣ ಪ್ರಕಟಿಸಿದ್ದನ್ನೇ ಬಳಸಬೇಕು.

ಆದರೆ ಸರ್ವರ್ ಸೀಡ್ ಚಾಲ್ತಿಯಲ್ಲಿರುವಾಗ ಈ ಲೆಕ್ಕ ಮಾಡಲಾಗದು. ಅದು ಗೊತ್ತಾದರೆ ಮುಂದಿನ ಎಲ್ಲ ಬೆಟ್‌ಗಳ ಫಲಿತಾಂಶವೂ ಗೊತ್ತಾದಂತೆ. ಪ್ರೈಮ್‌ಡೈಸ್ ಎಂಬ ತಾಣದಲ್ಲಿ ಹೀಗೇ ಆಗಿತ್ತು. ಚಾಲ್ತಿಯಲ್ಲಿದ್ದ ಸೀಡ್ ಅನ್ನೇ ಹೊರಗೆಡಹುವ ದೋಷವೊಂದನ್ನು ಆಟಗಾರನೊಬ್ಬ ಕಂಡುಕೊಂಡು ಸುಮಾರು 10 ಲಕ್ಷ ಡಾಲರ್ ಮೌಲ್ಯದ ಬಿಟ್‌ಕಾಯಿನ್ ಗೆದ್ದುಕೊಂಡು ಹೋದದ್ದನ್ನು ಆ ತಾಣವೇ ಬಹಿರಂಗಪಡಿಸಿತ್ತು. ಆದ್ದರಿಂದ ನೀವು ಸೀಡ್ ಬದಲಿಸಿದ ಮೇಲಷ್ಟೇ ಹಳೆಯ ಸರ್ವರ್ ಸೀಡ್ ನಿಮಗೆ ಸಿಗುತ್ತದೆ. ಆಗ ಎರಡು ಪರೀಕ್ಷೆ ಮಾಡಬೇಕು. ಸಿಕ್ಕ ಸೀಡ್‌ನ ಎಸ್‌ಎಚ್‌ಎ-256 ಹ್ಯಾಶ್ ನೀವು ಮೊದಲೇ ಬರೆದಿಟ್ಟುಕೊಂಡದ್ದಕ್ಕೆ ಹೊಂದುತ್ತದೆಯೇ? ಅದೇ ಸೀಡ್‌ನಿಂದ ಮೇಲಿನಂತೆ ಲೆಕ್ಕ ಹಾಕಿದರೆ ಅಂದು ಪರದೆಯ ಮೇಲೆ ಕಂಡ ಸಂಖ್ಯೆಯೇ ಬರುತ್ತದೆಯೇ? ಎರಡೂ ಹೊಂದಿದರೆ, ನೀವು ಬೆಟ್ ಕಟ್ಟಿದ ಮೇಲೆ ಆ ಸಂಖ್ಯೆಯನ್ನು ತಿದ್ದಿಲ್ಲ ಎಂಬುದು ಖಚಿತ.

ಇಷ್ಟಾದರೂ ಮೋಸ ಎಲ್ಲಿ ನುಸುಳಬಹುದು?

ಮೊದಲ ದಾರಿ ಕ್ಲೈಂಟ್ ಸೀಡ್‌ನದು. ಹೆಚ್ಚಿನವರು ತಾಣವೇ ತುಂಬಿಕೊಟ್ಟ ಕ್ಲೈಂಟ್ ಸೀಡ್ ಅನ್ನು ಹಾಗೆಯೇ ಬಿಡುತ್ತಾರೆ. ಆಗ ಕ್ಯಾಸಿನೋಗೆ ನಿಮ್ಮ ಸೀಡ್ ಮೊದಲೇ ಗೊತ್ತು. ಅದು ಒಂದರ ಹಿಂದೆ ಒಂದು ಸರ್ವರ್ ಸೀಡ್ ಪ್ರಯತ್ನಿಸಿ, ಮೊದಲ 10 ಬೆಟ್‌ಗಳಲ್ಲೂ ನೀವು ಸೋಲುವಂಥದ್ದನ್ನು ಆರಿಸಿಕೊಳ್ಳಬಹುದು. 49.50ರ ಬೆಟ್‌ನಲ್ಲಿ ಅಂಥ ಸೀಡ್ ಸರಾಸರಿ 930 ಪ್ರಯತ್ನಕ್ಕೊಮ್ಮೆ ಸಿಗುತ್ತದೆ. ಕಂಪ್ಯೂಟರ್‌ಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆಮೇಲೆ ನೀವು ಪರಿಶೀಲಿಸಿದರೆ ಹ್ಯಾಶ್ ಹೊಂದುತ್ತದೆ, ಲೆಕ್ಕವೂ ಹೊಂದುತ್ತದೆ! ಇದಕ್ಕೆ ಮದ್ದು, ಸರ್ವರ್ ಸೀಡ್‌ನ ಹ್ಯಾಶ್ ನೋಡಿ ಬರೆದಿಟ್ಟುಕೊಂಡ ಮೇಲೆ ಕ್ಲೈಂಟ್ ಸೀಡ್ ಅನ್ನು ನಿಮ್ಮದೇ ಪಠ್ಯಕ್ಕೆ ಬದಲಿಸುವುದು. ಎಲೆ ಕಲಸಿದ ಮೇಲೆ ಕಟ್ ಮಾಡಬೇಕು, ಅದಕ್ಕೆ ಮೊದಲಲ್ಲ. ನೀವು ಬದಲಿಸಿದೊಡನೆ ತಾಣ ಸರ್ವರ್ ಸೀಡ್ ಅನ್ನೂ ಬದಲಿಸುವುದಾದರೆ, ಆ ಹೊಸ ಸೀಡ್‌ನ ಹ್ಯಾಶ್ ಮೊದಲೇ ತೋರಿಸಿತ್ತೇ ಎಂದು ನೋಡಿ.

ಎರಡನೆಯದು ನಾನ್ಸ್. ಯಾವ ಕ್ರಮಸಂಖ್ಯೆಗೆ ಗೆಲುವು, ಯಾವುದಕ್ಕೆ ಸೋಲು ಎಂಬುದು ಕ್ಯಾಸಿನೋಗೆ ಗೊತ್ತಿರುತ್ತದೆ. 41 ಆದ ಮೇಲೆ 42ರಲ್ಲಿ ನಿಮಗೆ ಗೆಲುವಿದ್ದರೆ ಅದನ್ನು ಹಾರಿಸಿ 43ಕ್ಕೆ ಹೋಗಬಹುದು. 43ರ ಲೆಕ್ಕ ಒಂದನ್ನೇ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಹಾಗಾಗಿ ಒಂದು ಬೆಟ್ ಪರಿಶೀಲಿಸುವಾಗಲೂ ಅದರ ಹಿಂದಿನ ನಾನ್ಸ್ ನಿಮ್ಮದೇ ಹಿಂದಿನ ಬೆಟ್‌ನದ್ದೇ ಎಂದು ನೋಡಬೇಕು.

ಮೂರನೆಯದು ಪರಿಶೀಲನೆ ಮಾಡುವ ಜಾಗ. ಕ್ಯಾಸಿನೋದ್ದೇ ಪುಟದಲ್ಲಿ ‘ವೆರಿಫೈ’ ಗುಂಡಿ ಒತ್ತಿ ಹಸಿರು ಗುರುತು ನೋಡುವುದು ಎಂದರೆ ಅಂಗಡಿಯವರ ತೂಕವನ್ನು ಅವರದೇ ತಕ್ಕಡಿಯಲ್ಲಿ ಮತ್ತೆ ತೂಗಿಸಿದಂತೆ. ಮೇಲಿನ ಐದು ಸಾಲಿನ ಕೋಡ್ ಇರುವುದು ಇದಕ್ಕೇ.

ಲೆಕ್ಕ ಸರಿ ಇದ್ದರೂ ಹಣ ಹೋಗುವುದೇಕೆ?

ಪರಿಶೀಲನೆಯಿಂದ ತಿಳಿಯುವುದು ಸಂಖ್ಯೆಯನ್ನು ತಿದ್ದಿಲ್ಲ ಎಂಬುದಷ್ಟೇ. ಆಟದ ನಿಯಮ ಯಾರ ಪರವಾಗಿದೆ ಎಂಬುದನ್ನು ಅದು ಬದಲಿಸುವುದಿಲ್ಲ. 49.50ಕ್ಕಿಂತ ಕಡಿಮೆ ಬರುವ ಸಂಭವ ಸುಮಾರು ಶೇ. 49.5. ಪ್ರತಿ ಸಲ 100 ರೂಪಾಯಿಯಂತೆ 1000 ಬೆಟ್ ಕಟ್ಟಿದಿರಿ ಎಂದುಕೊಳ್ಳಿ. ಸರಾಸರಿ 495 ಸಲ ಗೆಲ್ಲುತ್ತೀರಿ, 505 ಸಲ ಸೋಲುತ್ತೀರಿ. ಅಂದರೆ 1000 ರೂಪಾಯಿ ನಷ್ಟ. ಒಂದೇ ಒಂದು ಸಂಖ್ಯೆಯನ್ನೂ ತಿದ್ದದೆ ಕ್ಯಾಸಿನೋ ಗಳಿಸುವುದು ಹೀಗೆ. ಬೆಟ್‌ಗಳು ಹೆಚ್ಚಿದಷ್ಟೂ ಈ ಶೇ. 1 ಹೆಚ್ಚು ಖಚಿತವಾಗುತ್ತಾ ಹೋಗುತ್ತದೆ.

ಗೆದ್ದ ಹಣವನ್ನು ನಿಮ್ಮ ಕೈಗೆ ಕೊಡುತ್ತಾರೆ ಎಂದು ಕೂಡ ಯಾವ ಹ್ಯಾಶ್ ಹೇಳುವುದಿಲ್ಲ. ಖಾತೆಯನ್ನು ತಡೆಹಿಡಿದರೆ ಅಥವಾ ತಾಣವೇ ಮಾಯವಾದರೆ, ಸರಿಯಾಗಿ ಹೊಂದುವ 64 ಅಕ್ಷರಗಳು ನಿಮ್ಮ ಬಳಿ ಉಳಿಯುತ್ತವೆ, ಹಣ ಉಳಿಯುವುದಿಲ್ಲ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಇಂಥ ಆಟಗಳನ್ನು ನಡೆಸುವುದು, ಅವುಗಳ ಜಾಹೀರಾತು ಮಾಡುವುದು ಅಪರಾಧ.

ಒಟ್ಟಿನಲ್ಲಿ, ‘ಪ್ರೂವಬ್ಲಿ ಫೇರ್’ ಎಂಬುದು ಬೊಗಳೆಯಲ್ಲ, ಅದರ ಹಿಂದಿನ ಗಣಿತ ಗಟ್ಟಿಯಾಗಿದೆ. ಆದರೆ ಅದು ಉತ್ತರಿಸುವ ಪ್ರಶ್ನೆ ಒಂದೇ: ನಾನು ಬೆಟ್ ಕಟ್ಟಿದ ಮೇಲೆ ಈ ಸಂಖ್ಯೆಯನ್ನು ಬದಲಿಸಿದರೇ? ಆಟ ಲಾಭದಾಯಕವೇ, ತಾಣ ನಂಬಿಕಸ್ಥವೇ ಎಂಬ ಪ್ರಶ್ನೆಗಳಿಗೆ ಹ್ಯಾಶ್‌ನಲ್ಲಿ ಉತ್ತರವಿಲ್ಲ. ಮೊದಲನೆಯದಕ್ಕಂತೂ ಉತ್ತರ ಆಟದ ನಿಯಮದಲ್ಲೇ ಇದೆ, ಅದು ‘ಇಲ್ಲ’ ಎಂದೇ.