ಅನ್ನ ಬೇಯುವ ಮೊದಲೇ ‘ಟಕ್’ ಅನ್ನುವ ಕುಕ್ಕರ್

ಎಲೆಕ್ಟ್ರಿಕ್ ರೈಸ್ ಕುಕ್ಕರ್‌ಗೆ ಅಕ್ಕಿ ಬೆಂದಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಪಾತ್ರೆಯ ತಳದ ಬಿಸಿ ಮಾತ್ರ. ತಳದಲ್ಲಿ ನೀರು ಇರುವತನಕ ಆ ಬಿಸಿ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಇಂಗಿತು ಅಂದರೆ ತಳ ಒಮ್ಮೆಲೇ ಕಾಯಲು ತೊಡಗುತ್ತದೆ. ಆ ಏರಿಕೆ ಕಂಡ ಕೂಡಲೇ ಲಿವರ್ ‘ಟಕ್’ ಎಂದು ಮೇಲೆ ಹಾರಿ, ಕೆಂಪು ದೀಪ ಆರಿ, ‘ವಾರ್ಮ್’ ದೀಪ ಹತ್ತುತ್ತದೆ. ಅರೆಬೆಂದ ಅನ್ನ, ಮೇಲೆ ಗಟ್ಟಿ ಕೆಳಗೆ ಮುದ್ದೆ, ಹತ್ತೇ ನಿಮಿಷಕ್ಕೆ ವಾರ್ಮ್‌ಗೆ ಹೋಗುವುದು, ಇವೆಲ್ಲ ದೂರುಗಳ ಹಿಂದೆ ಇರುವ ಪ್ರಶ್ನೆ ಒಂದೇ: ನೀರು ಇನ್ನೂ ಇರುವಾಗಲೇ ತಳ ಕಾದಿದೆ ಎಂದು ಕುಕ್ಕರ್‌ಗೆ ಅನ್ನಿಸಿದ್ದು ಯಾಕೆ?

ಪಾತ್ರೆ ತೆಗೆದು ಒಳಗೆ ನೋಡಿ. ಹೀಟರ್ ಪ್ಲೇಟಿನ ನಟ್ಟನಡುವೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಗುಂಡಿ ಕಾಣುತ್ತದೆ. ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮೇಲೆ ಬರುತ್ತದೆ. ಇದೇ ಥರ್ಮೋಸ್ಟಾಟ್. ಇದರೊಳಗೆ ಫೆರೈಟ್ ಎಂಬ ವಸ್ತುವಿನ ಬಿಲ್ಲೆ, ಅದರ ಕೆಳಗೆ ಅಯಸ್ಕಾಂತ, ಎರಡನ್ನೂ ದೂರ ತಳ್ಳುವ ಸ್ಪ್ರಿಂಗ್ ಇವೆ. ನಾವು ಲಿವರ್ ಒತ್ತಿದಾಗ ಅಯಸ್ಕಾಂತ ಹೋಗಿ ಫೆರೈಟಿಗೆ ಕಚ್ಚಿಕೊಳ್ಳುತ್ತದೆ, ಹೀಟರ್‌ಗೆ ಕರೆಂಟ್ ಹೋಗುತ್ತದೆ. ಈ ಫೆರೈಟಿನ ಗುಣವೇನೆಂದರೆ, ಒಂದು ನಿಗದಿತ ಬಿಸಿ ದಾಟಿದರೆ ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಕುಕ್ಕರ್‌ಗಳಲ್ಲಿ ಆ ಬಿಸಿ ಸಾಮಾನ್ಯವಾಗಿ 103 ಡಿಗ್ರಿಯ ಆಸುಪಾಸು. ಹಿಡಿತ ತಪ್ಪಿತು, ಸ್ಪ್ರಿಂಗ್ ತಳ್ಳಿತು, ಲಿವರ್ ಹಾರಿತು. ಟೈಮರ್ ಇಲ್ಲ, ಲೆಕ್ಕಾಚಾರವಿಲ್ಲ. 1955ರಲ್ಲಿ ಜಪಾನಿನ ತೋಷಿಬಾ ಕಂಪನಿ ತಂದ ಮೊದಲ ಸ್ವಯಂಚಾಲಿತ ಕುಕ್ಕರ್‌ನಲ್ಲಿ ಎರಡು ಪಾತ್ರೆಗಳಿದ್ದವು. ಹೊರಪಾತ್ರೆಯ ನೀರು ಆರಿದಾಗ ಸ್ವಿಚ್ ಆಫ್ ಆಗುತ್ತಿತ್ತು. ಇಂದಿಗೂ ನಮ್ಮ ಸಾದಾ ಕುಕ್ಕರ್‌ಗಳ ಜಾಣ್ಮೆ ಇಷ್ಟೇ: ನೀರು ಆರಿದ್ದನ್ನು ಕಂಡುಹಿಡಿಯುವುದು.

ಈ ಗುಂಡಿ ಸರಿಯಾಗಿ ಕೆಲಸ ಮಾಡಬೇಕಾದರೆ ಅದು ಪಾತ್ರೆಯ ತಳಕ್ಕೆ ಒತ್ತಿಕೊಂಡಿರಬೇಕು. ಒತ್ತಿಕೊಂಡಿದ್ದರೆ ಒಳಗಿನ ನೀರು ಅದನ್ನು ತಣ್ಣಗಿಡುತ್ತದೆ. ಪ್ಲೇಟಿನ ಮೇಲೆ ಒಂದು ಒಣಗಿದ ಅಗುಳು ಕೂತು ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿದರೂ ಲೆಕ್ಕ ತಪ್ಪುತ್ತದೆ. ಪ್ಲೇಟಿನ ಶಾಖ ಪಾತ್ರೆಗೆ ಪೂರ್ತಿ ಹೋಗದೆ ಪ್ಲೇಟಿನಲ್ಲೇ ಉಳಿಯುತ್ತದೆ, ಪಕ್ಕದಲ್ಲಿರುವ ಗುಂಡಿಯೂ ಅದರ ಜೊತೆ ಕಾಯುತ್ತದೆ. ಪಾತ್ರೆಯಲ್ಲಿ ನೀರು ಇನ್ನೂ ಕುದಿಯುತ್ತಿದ್ದರೂ ಲಿವರ್ ಹಾರಿಬಿಡುತ್ತದೆ. ಉಕ್ಕಿದ ಗಂಜಿ ಗುಂಡಿಯ ಸುತ್ತ ಇಳಿದು ಗಟ್ಟಿಯಾದರೂ ಇದೇ ಕಥೆ. ಗುಂಡಿ ಕೆಳಗೇ ಸಿಕ್ಕಿಕೊಂಡು ಪಾತ್ರೆಯನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ತೊಂದರೆ ಕುಕ್ಕರ್‌ನದೋ ಅಡುಗೆಯದೋ? ರಿಪೇರಿ ಮಾಡುವವರು ಮೊದಲು ಮಾಡುವ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು, ಅದಕ್ಕೆ ಅಕ್ಕಿ ಬೇಡ. ಪಾತ್ರೆಯ ಹೊರಮೈ, ಪ್ಲೇಟು ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿ, ಮೂರು ಅಳತೆ ಲೋಟ ಬರೀ ನೀರು ಹಾಕಿ ಲಿವರ್ ಒತ್ತಿ. 700 ವಾಟ್‌ನ ಕುಕ್ಕರ್ ಆದರೆ ಏಳೆಂಟು ನಿಮಿಷದೊಳಗೆ ನೀರು ಮರಳಬೇಕು, ಮರಳುತ್ತಲೇ ಇರಬೇಕು. ಮರಳುವ ಮೊದಲೇ ಅಥವಾ ಮರಳಿದ ಸ್ವಲ್ಪ ಹೊತ್ತಿಗೆ ಲಿವರ್ ಹಾರಿದರೆ ದೋಷ ಯಂತ್ರದ್ದು. ಐದಾರು ನಿಮಿಷ ಕುದಿದರೂ ಹಾರದಿದ್ದರೆ ಥರ್ಮೋಸ್ಟಾಟ್ ಚೆನ್ನಾಗಿದೆ, ತಪ್ಪು ಅಕ್ಕಿ, ನೀರು ಅಥವಾ ಮಾಡುವ ವಿಧಾನದಲ್ಲಿದೆ.

ಒಂದು ಕೇಸು ಹೇಳುತ್ತೇನೆ. ನಮ್ಮ ಬೀದಿಯ ಮಿಕ್ಸಿ ರಿಪೇರಿ ಅಂಗಡಿಗೆ ಹಿರಿಯರೊಬ್ಬರು ಕುಕ್ಕರ್ ತಂದಿದ್ದರು. “ಏನಪ್ಪಾ, ಬಿಳಿ ಅನ್ನ ಸರಿಯಾಗೇ ಆಗುತ್ತೆ. ಪಲಾವ್‌ಗೆ ಇಟ್ಟರೆ ಮಾತ್ರ ಐದು ನಿಮಿಷಕ್ಕೆ ವಾರ್ಮ್‌ಗೆ ಹೋಗುತ್ತೆ. ಥರ್ಮೋಸ್ಟಾಟ್ ಹೋಗಿದೆ ಅಂತ ಮಗ ಹೇಳ್ದ.” ಮೆಕ್ಯಾನಿಕ್ ಕುಕ್ಕರ್ ಬಿಚ್ಚಲೇ ಇಲ್ಲ. “ಅಮ್ಮಾ, ಒಗ್ಗರಣೆ ಇದರಲ್ಲೇ ಹಾಕ್ತೀರಾ?” ಎಂದು ಕೇಳಿದ. ಹೌದು, ತುಪ್ಪದಲ್ಲಿ ಈರುಳ್ಳಿ, ಮಸಾಲೆ ಹುರಿದು ಅದರ ಮೇಲೇ ಅಕ್ಕಿ, ನೀರು. ಅವನು ಕಂಡುಕೊಂಡದ್ದು ಇಷ್ಟೇ. ಹುರಿದ ಮಸಾಲೆ ತಳಕ್ಕೆ ಹತ್ತಿ ಪದರ ಕಟ್ಟುತ್ತದೆ. ಅದು ಲೋಹಕ್ಕೂ ನೀರಿಗೂ ನಡುವೆ ಅಡ್ಡ ನಿಲ್ಲುತ್ತದೆ. ಮೇಲೆ ಎರಡು ಲೋಟ ನೀರಿದ್ದರೂ ತಳದ ಲೋಹ 103 ದಾಟುತ್ತದೆ. ಗುಂಡಿ ಸುಳ್ಳು ಹೇಳುತ್ತಿಲ್ಲ, ತಳ ನಿಜಕ್ಕೂ ಕಾದಿದೆ. ಬಿಳಿ ಅನ್ನಕ್ಕೆ ಸರಿ, ಮಸಾಲೆ ಅನ್ನಕ್ಕೆ ತೊಂದರೆ ಅಂದರೆ ಯಾವಾಗಲೂ ಇದನ್ನೇ ಮೊದಲು ಶಂಕಿಸಬೇಕು. ಬಿಸಿಬೇಳೆಬಾತ್, ಹುಗ್ಗಿ, ಬೆಲ್ಲ ಹಾಕಿದ ಸಿಹಿ ಪೊಂಗಲ್ ಇವೆಲ್ಲ ಇದೇ ಜಾತಿ. ಬೇಳೆಯೂ ಬೆಲ್ಲವೂ ತಳ ಹಿಡಿಯುವುದರಲ್ಲಿ ಎತ್ತಿದ ಕೈ. ಒಗ್ಗರಣೆ ಬೇರೆ ಬಾಣಲೆಯಲ್ಲಿ ಹಾಕಿ, ಅಕ್ಕಿ ಅರ್ಧ ಬೆಂದ ಮೇಲೆ ಬೆರೆಸಿದರೆ ಗೋಳಿಲ್ಲ. ಬೆಲ್ಲ ಕೊನೆಗೆ, ವಾರ್ಮ್‌ಗೆ ಹೋದ ಮೇಲೆ.

ಮಧ್ಯದಲ್ಲೇ ಹಾರಿಬಿಟ್ಟರೆ ತಕ್ಷಣ ಮತ್ತೆ ಒತ್ತಿದರೂ ಲಿವರ್ ನಿಲ್ಲುವುದಿಲ್ಲ, ಫೆರೈಟ್ ಇನ್ನೂ ಬಿಸಿಯಾಗಿರುತ್ತದೆ. ತಳ ಕೆದಕಿ ಬಿಡಿಸಿ, ಕಾಲು ಲೋಟ ಬಿಸಿನೀರು ಅಂಚಿನಿಂದ ಸುರಿದು, ಐದು ನಿಮಿಷ ಬಿಟ್ಟು ಒತ್ತಿ. ಕೆಲವರು ಲಿವರ್ ಹಾರದಂತೆ ಚಮಚ ಸಿಕ್ಕಿಸುತ್ತಾರೆ, ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಇದು ಬೇಡವೇ ಬೇಡ. ಆಗ ಹೀಟರನ್ನು ತಡೆಯುವುದು ಒಳಗಿನ ಥರ್ಮಲ್ ಫ್ಯೂಸ್ ಒಂದೇ. ಅದು ಸುಟ್ಟರೆ ಕುಕ್ಕರ್ ಪೂರ್ತಿ ಸತ್ತಂತೆ, ಎರಡು ದೀಪಗಳೂ ಹತ್ತುವುದಿಲ್ಲ.

ಒಂದು ಬದಿ ಬೆಂದು ಇನ್ನೊಂದು ಬದಿ ಕಾಳುಕಾಳಾಗಿ ಉಳಿಯುತ್ತಿದ್ದರೆ ಪಾತ್ರೆಯ ಅಂಚಿಗೆ ದಾರ ಕಟ್ಟಿ ಗುರುತು ಮಾಡಿ. ಒಂದು ದಿನ ಗುರುತು ಮುಂದೆ ಇರಲಿ, ಮರುದಿನ ಪಾತ್ರೆಯನ್ನು ಅರ್ಧ ಸುತ್ತು ತಿರುಗಿಸಿ ಇಡಿ. ಬೇಯದ ಬದಿ ಪಾತ್ರೆಯ ಜೊತೆ ತಿರುಗಿದರೆ ಪಾತ್ರೆ ನೆಗ್ಗಿದೆ. ಅದು ಇದ್ದ ಜಾಗದಲ್ಲೇ ಉಳಿದರೆ ಪ್ಲೇಟಿನ ಮೇಲೆ ಕಲೆ ಗಟ್ಟಿಯಾಗಿದೆ, ಇಲ್ಲವೇ ಅಡುಗೆಕಟ್ಟೆಯೇ ಓರೆ ಇದ್ದು ನೀರು ಒಂದು ಕಡೆ ನಿಲ್ಲುತ್ತಿದೆ. ಅಲ್ಯುಮಿನಿಯಂ ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿ ತೊಳೆಯುವ ಮನೆಗಳಲ್ಲಿ ಮೊದಲನೆಯದೇ ಹೆಚ್ಚು. ಪಾತ್ರೆ ಇಟ್ಟಮೇಲೆ ಎಡಕ್ಕೆ ಬಲಕ್ಕೆ ಒಮ್ಮೆ ತಿರುವಿ ಕೂರಿಸುವುದು ಒಳ್ಳೆಯ ರೂಢಿ, ನಡುವೆ ಅಗುಳು ಇದ್ದರೆ ಕೈಗೇ ತಿಳಿಯುತ್ತದೆ.

ಮೇಲಿನ ಪದರ ಮಾತ್ರ ಗಟ್ಟಿ ಎನ್ನುವವರು ಎಷ್ಟು ಬೇಗ ಮುಚ್ಚಳ ತೆಗೆಯುತ್ತಾರೆ ಎಂದು ನೋಡಿಕೊಳ್ಳಬೇಕು. ಲಿವರ್ ಹಾರಿದ ಹೊತ್ತಿಗೆ ಅಡುಗೆ ಮುಗಿದಿರುವುದಿಲ್ಲ. ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೆಯದೆ ಬಿಟ್ಟರೆ ಹಬೆಯಲ್ಲಿ ಮೇಲಿನ ಅಗುಳೂ ಅರಳುತ್ತದೆ. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿದಾಗಲೂ ಮೇಲ್ಪದರ ಬೇಯುವುದಿಲ್ಲ, ಆದರೆ ಆಗ ಕುಕ್ಕರ್ ಬೇಗ ಹಾರುವುದಿಲ್ಲ, ತಡವಾಗಿ ಹಾರುತ್ತದೆ. 230 ವೋಲ್ಟ್ 180ಕ್ಕೆ ಇಳಿದರೆ 700 ವಾಟ್‌ನ ಹೀಟರ್ ಕೊಡುವುದು ಸುಮಾರು 430 ವಾಟ್ ಮಾತ್ರ, ಕುದಿಗೆ ರಭಸವೇ ಇರುವುದಿಲ್ಲ.

ಇನ್ನು ನೀರಿನ ಅಳತೆ. ಇಲ್ಲಿ ಬಹುತೇಕರು ಎಡವುವುದು ‘ಒಂದಕ್ಕೆ ಎರಡೂವರೆ’ ಎಂಬ ಲೆಕ್ಕವನ್ನು ಎಲ್ಲ ಪ್ರಮಾಣಕ್ಕೂ ಹಿಡಿದು. ಹಾಕಿದ ನೀರು ಎರಡು ದಾರಿ ಹಿಡಿಯುತ್ತದೆ: ಒಂದಷ್ಟನ್ನು ಅಕ್ಕಿ ಕುಡಿಯುತ್ತದೆ, ಒಂದಷ್ಟು ಹಬೆಯಾಗಿ ಹೋಗುತ್ತದೆ. ಅಕ್ಕಿ ಕುಡಿಯುವುದು ಅಕ್ಕಿಯ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಹಬೆಯಾಗಿ ಹೋಗುವುದು ಒಂದು ಲೋಟ ಅಕ್ಕಿಗೂ ನಾಲ್ಕು ಲೋಟ ಅಕ್ಕಿಗೂ ಅಂಥಾ ವ್ಯತ್ಯಾಸವಾಗುವುದಿಲ್ಲ. ಅಡುಗೆಮನೆಯ ತಕ್ಕಡಿ ಇದ್ದರೆ ನಿಮ್ಮ ಕುಕ್ಕರಿನ ಲೆಕ್ಕ ನೀವೇ ತೆಗೆಯಬಹುದು. ಕುಕ್ಕರ್ ಜೊತೆ ಬರುವ ಲೋಟ ಸಾಮಾನ್ಯವಾಗಿ 180 ಮಿ.ಲೀ. ಎರಡು ಲೋಟ ಸೋನಾ ಮಸೂರಿ ಸುಮಾರು 300 ಗ್ರಾಂ, ನಾಲ್ಕೂವರೆ ಲೋಟ ನೀರು 810 ಗ್ರಾಂ, ಒಟ್ಟು 1110. ಅನ್ನವಾದ ಮೇಲೆ ಪಾತ್ರೆಯ ತೂಕ ಕಳೆದು 1000 ಬಂತು ಅನ್ನಿ. ಹಬೆಯಾದದ್ದು 110 ಗ್ರಾಂ, ಅಂದರೆ ಅರ್ಧ ಲೋಟಕ್ಕಿಂತ ಸ್ವಲ್ಪ ಹೆಚ್ಚು. ಅಕ್ಕಿ ಕುಡಿದದ್ದು ಲೋಟಕ್ಕೆ ಎರಡರ ಲೆಕ್ಕ. ಹಾಗಾಗಿ ಒಂದು ಲೋಟ ಅಕ್ಕಿಗೆ ಎರಡೂವರೆ ಬೇಕು, ನಾಲ್ಕು ಲೋಟಕ್ಕೆ ಹತ್ತಲ್ಲ, ಎಂಟೂವರೆ ಸಾಕು. ನೆಂಟರು ಬಂದ ದಿನ ಅನ್ನ ಮುದ್ದೆಯಾಗುವುದೂ, ಒಬ್ಬರಿಗೆ ಮಾಡಿದಾಗ ಬೇಗ ಹಾರಿ ಗಟ್ಟಿ ಉಳಿಯುವುದೂ ಇದೇ ಕಾರಣಕ್ಕೆ. ಪಾತ್ರೆಯ ಒಳಗಿನ ಗೆರೆಗಳು ಆ 180ರ ಲೋಟಕ್ಕೆ ಹೊಂದಿಕೊಂಡವು. ಅದು ಕಳೆದುಹೋಗಿ ಕಾಫಿ ಲೋಟದಲ್ಲಿ ಅಕ್ಕಿ ಅಳೆದು, ನೀರನ್ನು ಗೆರೆಗೆ ಹಾಕಿದರೆ ಎರಡೂ ಕೂಡುವುದಿಲ್ಲ.

ಹಳೇ ಅಕ್ಕಿ ಹೆಚ್ಚು ಕುಡಿಯುತ್ತದೆ, ಸುಗ್ಗಿಯ ಹೊಸ ಅಕ್ಕಿ ಕಡಿಮೆ. ಮಂಗಳೂರಿನಿಂದ ಬೆಂಗಳೂರಿಗೆ ಬಂದವರು ಅದೇ ಅಳತೆಯಲ್ಲಿ ಅನ್ನ ಗಟ್ಟಿಯಾಯಿತು ಅನ್ನುವುದಕ್ಕೂ ಆಧಾರವಿದೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಬೇಯಲು ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತು ತಳ ಒಣಗದಿರಲು ಕಾಲು ಲೋಟ ನೀರು ಹೆಚ್ಚು ಬೇಕು. ಕರಾವಳಿಯ ಕುಚ್ಚಲಕ್ಕಿಯ ವಿಷಯವೇ ಬೇರೆ. ಅದು ಮೆತ್ತಗಾಗುವ ಮೊದಲೇ ನೀರು ಆರುತ್ತದೆ. ರಾತ್ರಿ ನೆನೆಸಿಟ್ಟು, ಎರಡು ಸಲ ಬಿಸಿನೀರು ಸೇರಿಸಿ ಮಾಡಬೇಕು. ಸಾದಾ ಕುಕ್ಕರ್ ಅದಕ್ಕಾಗಿ ಮಾಡಿದ್ದಲ್ಲ ಅನ್ನುವುದೇ ನೇರ ಮಾತು.

ಡಿಜಿಟಲ್ ಕುಕ್ಕರ್‌ಗಳಲ್ಲಿ ಅಯಸ್ಕಾಂತದ ಬದಲು ಥರ್ಮಿಸ್ಟರ್ ಎಂಬ ಸೆನ್ಸರ್ ಇರುತ್ತದೆ, ಹಲವು ಮಾದರಿಗಳಲ್ಲಿ ಮುಚ್ಚಳದಲ್ಲೂ ಇನ್ನೊಂದು. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಅದನ್ನು ನೋಡಿ ಚಿಪ್ ನಿರ್ಧರಿಸುತ್ತದೆ. ಕೊಳೆ, ಅಗುಳು, ನೆಗ್ಗಿದ ಪಾತ್ರೆ ಇಲ್ಲೂ ಅದೇ ತೊಂದರೆ ಕೊಡುತ್ತವೆ. ಮುಚ್ಚಳದ ಸೆನ್ಸರ್ ಮೇಲೆ ಗಂಜಿ ಒಣಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ತೆರೆಯ ಮೇಲೆ E ಅಕ್ಷರದ ಕೋಡ್ ಬಂದರೆ ಅದರ ಅರ್ಥ ಆ ಮಾದರಿಯ ಪುಸ್ತಕದಲ್ಲೇ ನೋಡಬೇಕು.

ಎಲ್ಲ ಶುಚಿ ಮಾಡಿ, ಪಾತ್ರೆ ಸರಿಯಿದ್ದೂ, ಬರೀ ನೀರಿನ ಪರೀಕ್ಷೆಯಲ್ಲೇ ಸೋತರೆ ಸಾದಾ ಕುಕ್ಕರ್‌ನ ಥರ್ಮೋಸ್ಟಾಟ್ ಬದಲಿಸುವ ಕಾಲ ಬಂದಿದೆ. ತುಕ್ಕು ಹಿಡಿದ ಸ್ಪ್ರಿಂಗ್, ಅಂಚು ಒಡೆದ ಅಯಸ್ಕಾಂತ ಹಿಡಿತ ಕಳೆದುಕೊಂಡಿರುತ್ತವೆ, ಲಿವರ್ ಒತ್ತುವಾಗ ಗಟ್ಟಿಯಾಗಿ ಕಚ್ಚಿಕೊಂಡ ಅನುಭವವೇ ಆಗುವುದಿಲ್ಲ. ಪ್ಲಗ್ ತೆಗೆದ ಮೇಲೇ ತಳದ ಸ್ಕ್ರೂಗೆ ಕೈ ಹಾಕಬೇಕು. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಎತ್ತರದ್ದನ್ನೇ ತರಬೇಕು. ಗಿಡ್ಡದಾದರೆ ಗುಂಡಿ ಪಾತ್ರೆಯನ್ನು ಮುಟ್ಟುವುದಿಲ್ಲ, ಹೊಸ ಥರ್ಮೋಸ್ಟಾಟ್ ಹಾಕಿಯೂ ಅನ್ನ ಅರ್ಧಕ್ಕೇ ನಿಲ್ಲುತ್ತದೆ.